ಹಿತೋರಿಯ ಮೂರನೆಯ ನಿಯಮ

ದಿನಪತ್ರಿಕೆಯ ಸುಡೊಕು ಬಿಡಿಸಿ ಕೈ ಪಳಗಿದವರು ಹಿತೋರಿಗೆ ಬಂದಾಗ ಅದರ ಮೊದಲ ಎರಡು ನಿಯಮಗಳನ್ನು ಕೂಡಲೇ ರೂಢಿಸಿಕೊಳ್ಳುತ್ತಾರೆ. ಮೂರನೆಯ ನಿಯಮವನ್ನು ಮಾತ್ರ, ಎಲ್ಲ ಮುಗಿದ ಮೇಲೆ ಒಮ್ಮೆ ಸರಿನೋಡಿದರಾಯಿತು ಎಂದು ಬದಿಗಿಡುತ್ತಾರೆ. ಹಾಗೆ ಬದಿಗಿಟ್ಟವರಿಗೆ ಸಣ್ಣ ಚೌಕಗಳು ಹೇಗೋ ಬಿಡುತ್ತವೆ, ದೊಡ್ಡವು ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತವೆ. ನನ್ನ ಮಟ್ಟಿಗೆ ಈ ಆಟದ ಸ್ವಾರಸ್ಯವೆಲ್ಲ ಆ ಮೂರನೆಯ ನಿಯಮದಲ್ಲೇ ಇದೆ. ಅದನ್ನು ಕೊನೆಯ ತಪಾಸಣೆಯಾಗಿ ಇಟ್ಟುಕೊಳ್ಳದೆ ಮೊದಲಿನಿಂದಲೂ ಕೈಯಲ್ಲಿ ಹಿಡಿಯುವ ಸಾಧನವಾಗಿ ಹೇಗೆ ಬಳಸಬೇಕು ಎಂಬುದನ್ನು ಒಂದು ಚಿಕ್ಕ ಚೌಕವನ್ನು ಪೂರ್ತಿ ಬಿಡಿಸುತ್ತ ಇಲ್ಲಿ ಬರೆಯುತ್ತಿದ್ದೇನೆ.

ಹಿತೋರಿ ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ಜಪಾನಿನ ನಿಕೋಲಿ ಸಂಸ್ಥೆಯ ಒಗಟಿನ ಪತ್ರಿಕೆಯಲ್ಲಿ. ಸುಡೊಕುವಿಗೆ ಇಂದಿನ ಹೆಸರು ದೊರೆತದ್ದೂ ಅದೇ ಸಂಸ್ಥೆಯಿಂದ. ಆದರೆ ಎರಡು ಆಟಗಳೂ ನಡೆಯುವ ದಿಕ್ಕು ಒಂದಕ್ಕೊಂದು ವಿರುದ್ಧ. ಸುಡೊಕುವಿನಲ್ಲಿ ಖಾಲಿ ಮನೆಗಳನ್ನು ತುಂಬಬೇಕು. ಹಿತೋರಿಯಲ್ಲಿ ಚೌಕ ಮೊದಲೇ ಅಂಕಿಗಳಿಂದ ತುಂಬಿರುತ್ತದೆ, ಬೇಡವಾದ ಮನೆಗಳನ್ನು ಕಪ್ಪು ಮಾಡಿ ತೆಗೆಯುವುದಷ್ಟೇ ನಮ್ಮ ಕೆಲಸ. ಕಪ್ಪು ಮಾಡಿದ ಮೇಲೆ ಉಳಿದ ಬಿಳಿ ಮನೆಗಳಲ್ಲಿ ಯಾವ ಅಡ್ಡಸಾಲಿನಲ್ಲೂ ಯಾವ ಕಂಬಸಾಲಿನಲ್ಲೂ ಒಂದೇ ಅಂಕಿ ಎರಡು ಸಲ ಇರಕೂಡದು ಎಂಬುದು ಮೊದಲನೆಯ ನಿಯಮ. ಎರಡು ಕಪ್ಪು ಮನೆಗಳು ಬದಿಗೆ ಬದಿ ತಾಗಿ ಕೂರಕೂಡದು, ಮೂಲೆಗೆ ಮೂಲೆ ತಾಗಿದರೆ ಅಡ್ಡಿಯಿಲ್ಲ ಎಂಬುದು ಎರಡನೆಯದು. ಬಿಳಿ ಮನೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು ಒಂದೇ ತುಂಡಾಗಿರಬೇಕು, ಅಂದರೆ ಯಾವ ಬಿಳಿ ಮನೆಯಿಂದ ಹೊರಟರೂ ಬದಿಯ ಬಿಳಿ ಮನೆಗಳ ಮೂಲಕವೇ ನಡೆದು ಬೇರೆ ಯಾವ ಬಿಳಿ ಮನೆಯನ್ನಾದರೂ ತಲುಪುವಂತಿರಬೇಕು ಎಂಬುದು ಮೂರನೆಯದು.

ಮೊದಲನೆಯದನ್ನು ಪರೀಕ್ಷಿಸಲು ಒಂದು ಸಾಲನ್ನು ನೋಡಿದರೆ ಸಾಕು, ಎರಡನೆಯದಕ್ಕೆ ಅಕ್ಕಪಕ್ಕದ ನಾಲ್ಕು ಮನೆಗಳು ಸಾಕು. ಮೂರನೆಯದಕ್ಕೆ ಮಾತ್ರ ಇಡೀ ಚೌಕ ಬೇಕು. ಒಂದು ಮೂಲೆಯಲ್ಲಿ ಮಾಡಿದ ಗುರುತು ಎದುರು ಮೂಲೆಯ ಗತಿಯನ್ನು ನಿರ್ಧರಿಸಬಹುದು, ನಡುವಿನ ಅಂಕಿಗಳಿಗೂ ಅದಕ್ಕೂ ಯಾವ ಸಂಬಂಧವೂ ಮೇಲ್ನೋಟಕ್ಕೆ ಕಾಣದು. ಆದ್ದರಿಂದಲೇ ಅದನ್ನು ಕಣ್ಣಿಗೆ ಕಾಣುವ ಯಾವುದಾದರೂ ರೂಪಕ್ಕೆ ಇಳಿಸಿಕೊಳ್ಳದೆ ಉಪಯೋಗಿಸಲಾಗುವುದಿಲ್ಲ.

ಆ ರೂಪ ದೊರೆಯುವುದು ಎರಡನೆಯ ನಿಯಮದಿಂದಲೇ. ಕಪ್ಪು ಮನೆಗಳು ಬದಿಗೆ ಬದಿ ತಾಗುವಂತಿಲ್ಲವಾದ್ದರಿಂದ ನೇರವಾದ ಕಪ್ಪು ಗೋಡೆ ಎಂಬುದು ಈ ಆಟದಲ್ಲಿ ಸಾಧ್ಯವೇ ಇಲ್ಲ. ಬಿಳಿ ಮನೆಗಳನ್ನು ಎರಡು ಪಾಲು ಮಾಡಬೇಕೆಂದರೆ ಕಪ್ಪು ಮನೆಗಳು ಮೂಲೆಗೆ ಮೂಲೆ ಕೊಟ್ಟು ಓರೆಯಾಗಿ ಸಾಗುವ ಸರಪಳಿಯೇ ಆಗಬೇಕು. ಅಂಥ ಸರಪಳಿ ಎರಡು ರೀತಿಯಲ್ಲಿ ಮಾತ್ರ ಬಿಳಿಯನ್ನು ಒಡೆಯುತ್ತದೆ: ಚೌಕದ ಅಂಚನ್ನು ಎರಡು ಕಡೆ ಮುಟ್ಟಿದಾಗ, ಇಲ್ಲವೇ ತನ್ನನ್ನೇ ಸುತ್ತಿಕೊಂಡು ಒಂದು ಬಳೆಯಾದಾಗ. ಅತಿ ಚಿಕ್ಕ ಬಳೆಯೆಂದರೆ ಒಂದೇ ಬಿಳಿ ಮನೆಯ ನಾಲ್ಕು ಬದಿಗಳಲ್ಲೂ ಕೂತ ನಾಲ್ಕು ಕಪ್ಪು ಮನೆಗಳು. ಹಾಗಾಗಿ ಮೂರನೆಯ ನಿಯಮವನ್ನು ಹೀಗೂ ಹೇಳಬಹುದು: ಪ್ರತಿಯೊಂದು ಓರೆ ಸರಪಳಿಗೂ ಅಂಚನ್ನು ಮುಟ್ಟಲು ಒಂದೇ ಒಂದು ಅವಕಾಶವಿದೆ, ಬಳೆಯಾಗಲು ಒಂದೂ ಇಲ್ಲ. ಹೀಗೆ ತಿರುಗಿಸಿ ಓದಿದ ಮೇಲೆ ಬಿಳಿ ಮನೆಗಳಲ್ಲಿ ದಾರಿ ಹುಡುಕುವ ಶ್ರಮ ತಪ್ಪುತ್ತದೆ. ಬಿಳಿ ಮನೆಗಳು ಬಹಳ, ಕಪ್ಪು ಕೆಲವೇ. ಕೆಲವನ್ನು ಎಣಿಸುವುದು ಸುಲಭ.

ಈ ಚೌಕವನ್ನು ನೋಡಿ.

```
3 4 1 2 1
5 1 2 3 3
2 5 5 3 1
4 2 5 2 2
5 2 3 1 4
```

ಮನೆಗಳನ್ನು ಗುರುತಿಸಲು ಅಡ್ಡಸಾಲಿನ ಸಂಖ್ಯೆಯನ್ನು ಮೊದಲು, ಕಂಬಸಾಲಿನ ಸಂಖ್ಯೆಯನ್ನು ಅನಂತರ ಬರೆಯುತ್ತೇನೆ. 4-2 ಎಂದರೆ ನಾಲ್ಕನೇ ಅಡ್ಡಸಾಲಿನ ಎರಡನೇ ಮನೆ. ಪೆನ್ಸಿಲ್ ಹಿಡಿದು ಬಿಡಿಸುವವರು ಕಪ್ಪಾದ ಮನೆಯನ್ನು ತೀಡುವುದರ ಜೊತೆಗೆ, ಬಿಳಿಯೆಂದು ಖಚಿತವಾದ ಮನೆಯ ಅಂಕಿಗೆ ಸುತ್ತು ಹಾಕುವ ಅಭ್ಯಾಸವನ್ನೂ ಇಟ್ಟುಕೊಳ್ಳಬೇಕು. ಮುಂದಿನ ಹೆಜ್ಜೆಗಳೆಲ್ಲ ಸುತ್ತು ಹಾಕಿದ ಮನೆಗಳಿಂದಲೇ ಹೊರಡುತ್ತವೆ.

ನಾಲ್ಕನೇ ಅಡ್ಡಸಾಲಿನಲ್ಲಿ 2 ಮೂರು ಸಲ ಬಂದಿದೆ: 4-2, 4-4, 4-5. ಇವುಗಳಲ್ಲಿ ಹೆಚ್ಚೆಂದರೆ ಒಂದು ಬಿಳಿಯಾಗಿ ಉಳಿಯಬಹುದು, ಅಂದರೆ ಕನಿಷ್ಠ ಎರಡು ಕಪ್ಪಾಗಬೇಕು. ಆದರೆ 4-4 ಮತ್ತು 4-5 ಅಕ್ಕಪಕ್ಕದಲ್ಲಿವೆ, ಎರಡೂ ಕಪ್ಪಾಗುವಂತಿಲ್ಲ. ಆದ್ದರಿಂದ ಅವೆರಡರಲ್ಲಿ ಒಂದು ಬಿಳಿ, ಒಂದು ಕಪ್ಪು. ಯಾವುದು ಏನು ಎಂದು ಈಗ ಗೊತ್ತಿಲ್ಲದಿದ್ದರೂ ದೂರ ಉಳಿದ 4-2 ಮಾತ್ರ ಖಂಡಿತ ಕಪ್ಪು. ಜೋಡಿಯಾಗಿ ಕೂತ ಒಂದೇ ಅಂಕಿ ಕಂಡಲ್ಲೆಲ್ಲ ಅದೇ ಸಾಲಿನಲ್ಲಿ ಆ ಅಂಕಿ ಬೇರೆಡೆ ಇದೆಯೇ ಎಂದು ಹುಡುಕುವುದು ಹಿತೋರಿಯ ಮೊದಲ ಪಾಠ.

4-2 ಕಪ್ಪಾದ್ದರಿಂದ ಅದರ ನಾಲ್ಕು ನೆರೆಮನೆಗಳು ಬಿಳಿ. ಅವುಗಳಲ್ಲಿ ಮೇಲಿನ 3-2ರಲ್ಲಿ 5 ಇದೆ. ಅದರ ಪಕ್ಕದ 3-3ರಲ್ಲೂ 5 ಇರುವುದರಿಂದ 3-3 ಕಪ್ಪಾಗಬೇಕು. ಆಗ 3-4 ಬಿಳಿ, ಅದರಲ್ಲಿ 3 ಇದೆ. ಅದೇ ಕಂಬಸಾಲಿನಲ್ಲಿ ಅದರ ಮೇಲಿರುವ 2-4ರಲ್ಲೂ 3 ಇದೆ, ಆದ್ದರಿಂದ 2-4 ಕಪ್ಪು. ಅದರ ನೆರೆಯ 1-4 ಬಿಳಿಯಾಯಿತು. 1-4ರಲ್ಲಿರುವುದು 2, ನಾಲ್ಕನೇ ಕಂಬಸಾಲಿನ ಇನ್ನೊಂದು 2 ಇರುವುದು 4-4ರಲ್ಲಿ, ಆದ್ದರಿಂದ 4-4 ಕಪ್ಪು, ಮೊದಲು ತೀರ್ಮಾನವಾಗದೆ ಉಳಿದಿದ್ದ ಜೋಡಿಯಲ್ಲಿ 4-5 ಬಿಳಿ. ಇಷ್ಟೂ ಹೆಜ್ಜೆಗಳು ಮೊದಲೆರಡು ನಿಯಮಗಳಿಂದಲೇ ಬಂದವು, ಒಂದರ ಹಿಂದೊಂದು ತಾವಾಗಿಯೇ ಬಿದ್ದವು. ಚೌಕ ಈಗ ಹೀಗಿದೆ; ಕಪ್ಪು ಮನೆಗಳನ್ನು # ಗುರುತಿನಿಂದ ತೋರಿಸಿದ್ದೇನೆ.

```
3 4 1 2 1
5 1 2 # 3
2 5 # 3 1
4 # 5 # 2
5 2 3 1 4
```

ಇಲ್ಲಿಗೆ ಸುಲಭದ ದಾರಿ ಮುಗಿಯಿತು. ಉಳಿದ ತಕರಾರುಗಳು ಎರಡು. ಬಲ ಮೇಲ್ಮೂಲೆಯ 1-5ರಲ್ಲಿರುವ 1, ಅದರ ಅಡ್ಡಸಾಲಿನ 1-3ರ ಜೊತೆಗೂ ಕಂಬಸಾಲಿನ 3-5ರ ಜೊತೆಗೂ ಘರ್ಷಿಸುತ್ತದೆ. ಮೊದಲ ಕಂಬಸಾಲಿನಲ್ಲಿ 2-1 ಮತ್ತು 5-1 ಎರಡರಲ್ಲೂ 5 ಇದೆ. ಈ ಎರಡು ತಕರಾರುಗಳನ್ನೂ ಮೊದಲೆರಡು ನಿಯಮಗಳು ಬಗೆಹರಿಸಲಾರವು. ಯಾವ ಮನೆಯನ್ನು ತೆಗೆದರೂ ಸಾಲು ಶುದ್ಧವಾಗುತ್ತದೆ, ಯಾವ ಕಪ್ಪೂ ಕಪ್ಪಿಗೆ ತಾಗುವುದಿಲ್ಲ. ಹೊಸಬರು ಊಹೆಗೆ ಇಳಿಯುವ ಜಾಗ ಇದೇ.

ಸರಪಳಿಯನ್ನು ನೋಡೋಣ. 2-4, 3-3, 4-2 ಒಂದೇ ಓರೆಯಲ್ಲಿವೆ, 4-4 ಕೂಡ 3-3ಕ್ಕೆ ಮೂಲೆ ಕೊಟ್ಟು ಅದೇ ಸರಪಳಿಗೆ ಸೇರಿದೆ. ನಾಲ್ಕೂ ಒಳಮನೆಗಳು. ಸರಪಳಿ ಇನ್ನೂ ಅಂಚನ್ನು ಮುಟ್ಟಿಲ್ಲ, ಅದರ ಒಂದೇ ಅವಕಾಶ ಇನ್ನೂ ಖರ್ಚಾಗಿಲ್ಲ. ಈಗ 1-5ನ್ನು ಬಿಳಿಯಾಗಿ ಉಳಿಸಿದರೆ 1-3 ಮತ್ತು 3-5 ಎರಡನ್ನೂ ಕಪ್ಪು ಮಾಡಲೇಬೇಕಾಗುತ್ತದೆ. ಅವೆರಡೂ ಅಂಚಿನ ಮನೆಗಳು, ಎರಡೂ 2-4ಕ್ಕೆ ಮೂಲೆ ಕೊಟ್ಟಿವೆ. ಅಂದರೆ ಸರಪಳಿ ಅಂಚನ್ನು ಎರಡು ಕಡೆ ಮುಟ್ಟಿ, ಮೂಲೆಯ 1-4, 1-5, 2-5 ಈ ಮೂರು ಮನೆಗಳನ್ನು ಉಳಿದ ಚೌಕದಿಂದ ಕತ್ತರಿಸಿಬಿಡುತ್ತದೆ. ಅದು ಸಲ್ಲದು. ಆದ್ದರಿಂದ ಕಪ್ಪಾಗಬೇಕಾದದ್ದು 1-5.

1-5 ಕಪ್ಪಾದ ಕ್ಷಣದಲ್ಲಿ ಅದು 2-4ಕ್ಕೆ ಮೂಲೆ ಕೊಟ್ಟು ಸರಪಳಿಗೆ ಸೇರಿಕೊಳ್ಳುತ್ತದೆ, ಸರಪಳಿಯ ಅವಕಾಶ ಅಲ್ಲಿಗೆ ತೀರಿಹೋಗುತ್ತದೆ. ಇನ್ನು ಮುಂದೆ ಈ ಸರಪಳಿಗೆ ಮೂಲೆ ಕೊಡುವ ಯಾವ ಅಂಚಿನ ಮನೆಯೂ ಕಪ್ಪಾಗುವಂತಿಲ್ಲ. ಎಡ ಕೆಳಮೂಲೆಯ 5-1 ಅಂಥದ್ದೇ ಒಂದು ಮನೆ, ಅದು 4-2ಕ್ಕೆ ಮೂಲೆ ಕೊಟ್ಟಿದೆ. ಅದನ್ನು ಕಪ್ಪು ಮಾಡಿದರೆ ಬಲ ಮೇಲ್ಮೂಲೆಯಿಂದ ಎಡ ಕೆಳಮೂಲೆಯವರೆಗೆ ಐದು ಮನೆಗಳ ಓರೆಗೋಡೆ ಎದ್ದು, ಬಿಳಿ ಮನೆಗಳು ಮೇಲೆ ಹತ್ತು ಕೆಳಗೆ ಒಂಬತ್ತು ಎಂದು ಎರಡು ಪಾಲಾಗುತ್ತವೆ. ಆದ್ದರಿಂದ 5-1 ಬಿಳಿ, ಕಪ್ಪಾಗುವುದು 2-1.

```
3 4 1 2 #
# 1 2 # 3
2 5 # 3 1
4 # 5 # 2
5 2 3 1 4
```

ಕೊನೆಯ ಹೆಜ್ಜೆಯಲ್ಲಿ ನಡೆದದ್ದನ್ನು ಇನ್ನೊಮ್ಮೆ ಗಮನಿಸಬೇಕು. ಎಡಬದಿಯ ಎರಡು 5ಗಳ ನಡುವೆ ಆಯ್ಕೆ ಮಾಡಲು ಮೊದಲ ಕಂಬಸಾಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉಪಯೋಗವಿರಲಿಲ್ಲ. ತೀರ್ಪು ಬಂದದ್ದು ಬಲ ಮೇಲ್ಮೂಲೆಯ 1ರಿಂದ. ಸುಡೊಕುವಿನಲ್ಲೂ ದೂರದ ಮನೆಗಳು ಒಂದನ್ನೊಂದು ನಿಯಂತ್ರಿಸುತ್ತವೆ ನಿಜ, ಆದರೆ ಅಲ್ಲಿ ನಡುವೆ ಅಂಕಿಗಳ ಕೊಂಡಿ ಇರುತ್ತದೆ. ಇಲ್ಲಿ ಆ 1ಕ್ಕೂ ಈ 5ಕ್ಕೂ ಅಂಕಿಯ ಸಂಬಂಧ ಏನೇನೂ ಇಲ್ಲ, ಬರಿಯ ಆಕಾರದ ಸಂಬಂಧ.

ಮೂರನೆಯ ನಿಯಮವನ್ನು ಅಳೆದು ನೋಡಲು ಇನ್ನೊಂದು ಬಗೆಯೂ ಇದೆ. ಅಕ್ಕಪಕ್ಕದ ಎರಡು ಮನೆಗಳ ನಡುವೆ ಒಂದು ಬಾಗಿಲಿದೆ ಎಂದು ಭಾವಿಸಿ. ಐದಕ್ಕೈದರ ಚೌಕದಲ್ಲಿ ಅಡ್ಡಡ್ಡಲಾಗಿ 20, ಮೇಲೆ ಕೆಳಗೆ 20, ಒಟ್ಟು 40 ಬಾಗಿಲುಗಳು. ಒಂದು ಒಳಮನೆಯನ್ನು ಕಪ್ಪು ಮಾಡಿದರೆ ಒಂದು ಮನೆ ಹೋಗುತ್ತದೆ, ಅದರ ಜೊತೆಗೆ ನಾಲ್ಕು ಬಾಗಿಲುಗಳೂ ಮುಚ್ಚಿಕೊಳ್ಳುತ್ತವೆ. ಅಂಚಿನ ಮನೆಯಾದರೆ ಮೂರು ಬಾಗಿಲು, ಮೂಲೆಯದಾದರೆ ಎರಡು. ಕಪ್ಪು ಮನೆಗಳು ಬದಿ ತಾಗದ ಕಾರಣ ಒಂದೇ ಬಾಗಿಲನ್ನು ಎರಡು ಸಲ ಎಣಿಸುವ ಭಯವಿಲ್ಲ. ಮೇಲಿನ ಉತ್ತರದಲ್ಲಿ ನಾಲ್ಕು ಒಳಮನೆಗಳಿಂದ 16, ಅಂಚಿನ 2-1ರಿಂದ 3, ಮೂಲೆಯ 1-5ರಿಂದ 2, ಹೀಗೆ 21 ಬಾಗಿಲುಗಳು ಮುಚ್ಚಿ 19 ಉಳಿದಿವೆ. ಬಿಳಿ ಮನೆಗಳೂ 19. ಹತ್ತೊಂಬತ್ತು ಮನೆಗಳನ್ನು ಒಂದೇ ತುಂಡಾಗಿ ಹಿಡಿದಿಡಲು ಕನಿಷ್ಠ 18 ಬಾಗಿಲುಗಳು ಬೇಕು. ಅಂದರೆ ಈ ಚೌಕದಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಇರುವುದು ಒಂದೇ ಒಂದು ಬಾಗಿಲು. ಬಿಳಿಯಲ್ಲಿ ಸುತ್ತಿ ಬರಬಹುದಾದ ಜಾಗವೂ ಆದ್ದರಿಂದ ಒಂದೇ, 1-2, 1-3, 2-3, 2-2 ಈ ನಾಲ್ಕು ಮನೆಗಳ ಪುಟ್ಟ ಸುತ್ತು. ಉಳಿದೆಡೆಯೆಲ್ಲ ಒಂದು ಬಾಗಿಲು ಮುಚ್ಚಿದರೆ ಚೌಕ ಎರಡಾಗುತ್ತದೆ. ಹೊರನೋಟಕ್ಕೆ ಸಡಿಲವಾಗಿ ಕಾಣುವ ಹಿತೋರಿಯ ಉತ್ತರ ಎಷ್ಟು ಬಿಗಿಯಾದದ್ದು ಎಂಬುದು ಈ ಲೆಕ್ಕ ಮಾಡಿದಾಗಲೇ ನನಗೆ ಮನವರಿಕೆಯಾದದ್ದು.

ಇದೇ ಲೆಕ್ಕ ದೊಡ್ಡ ಚೌಕಗಳ ಮಿತಿಯನ್ನೂ ತಿಳಿಸುತ್ತದೆ. ಹತ್ತಕ್ಕೆ ಹತ್ತರ ಚೌಕದಲ್ಲಿ 180 ಬಾಗಿಲುಗಳಿವೆ. ಕಪ್ಪು ಮನೆಗಳೆಲ್ಲ ಒಳಗೇ ಇದ್ದರೆ ಅವು 27ನ್ನು ಮೀರುವಂತಿಲ್ಲ, ಅಂಚಿನ ಮನೆಗಳು ಸೇರಿದರೆ ಇನ್ನು ಸ್ವಲ್ಪ ಹೆಚ್ಚು. ಚೌಕ ಎಷ್ಟೇ ದೊಡ್ಡದಾದರೂ ಒಟ್ಟು ಮನೆಗಳ ಸುಮಾರು ಮೂರನೇ ಒಂದು ಭಾಗದ ಆಚೆಗೆ ಕಪ್ಪು ಹೋಗಲಾರದು. ಬಿಡಿಸುತ್ತ ಬಿಡಿಸುತ್ತ ಕಪ್ಪು ಅರ್ಧದತ್ತ ಸರಿಯುತ್ತಿದೆ ಎನಿಸಿದರೆ ಎಲ್ಲೋ ಎಡವಿದ್ದೇವೆ ಎಂದೇ ಅರ್ಥ.

ಎಡವಿದ್ದು ತಿಳಿಯುವುದು ಸಾಮಾನ್ಯವಾಗಿ ತಡವಾಗಿ. ಮೊದಲ ಕಂಬಸಾಲಿನ ಎರಡು 5ಗಳನ್ನು ಆರಂಭದಲ್ಲೇ ಕಂಡು, ಯಾವುದಾದರೇನು ಎಂದು ಕೆಳಗಿನದನ್ನು ತೀಡಿದವರಿಗೆ ಆ ಕ್ಷಣದಲ್ಲಿ ಯಾವ ವಿರೋಧವೂ ಎದುರಾಗುವುದಿಲ್ಲ. ಮುಂದಿನ ಐದಾರು ಹೆಜ್ಜೆಗಳೂ ಸರಾಗವಾಗಿ ನಡೆಯುತ್ತವೆ. ಕೊನೆಗೆ 1-5ರ ಬಳಿ ಬಂದಾಗ ಅದನ್ನು ಕಪ್ಪು ಮಾಡಿದರೂ ಬಿಳಿ ಉಳಿಸಿದರೂ ಚೌಕ ಒಡೆಯುತ್ತದೆ. ಆಗ ಅವರು ತಪ್ಪನ್ನು ಬಲ ಮೇಲ್ಮೂಲೆಯಲ್ಲಿ ಹುಡುಕುತ್ತಾರೆ, ತಪ್ಪು ಕೂತಿರುವುದು ಎಡ ಕೆಳಮೂಲೆಯಲ್ಲಿ. ಆದ್ದರಿಂದ ಹಿತೋರಿಯಲ್ಲಿ ಜೋಡಿ ಕಂಡಿತೆಂದು ಕಪ್ಪು ಮಾಡಬಾರದು, ಕಾರಣ ಕಂಡಾಗ ಮಾತ್ರ ಮಾಡಬೇಕು. ಪ್ರತಿ ಸಲ ತೀಡಿದಾಗಲೂ ಎರಡು ಸಂಗತಿಗಳನ್ನು ನೋಡಿಕೊಂಡರೆ ಸಾಕು: ಈ ಮನೆ ಯಾವ ಸರಪಳಿಗೆ ಸೇರಿತು, ಆ ಸರಪಳಿ ಅಂಚನ್ನು ಮುಟ್ಟಿದೆಯೇ. ಒಂದು ಕಪ್ಪು ಮನೆ ಎರಡು ಸರಪಳಿಗಳನ್ನು ಬೆಸೆಯುವಂತಿದ್ದು, ಅವೆರಡೂ ಮೊದಲೇ ಒಂದೊಂದು ಸಲ ಅಂಚನ್ನು ಮುಟ್ಟಿದ್ದರೆ, ಆ ಮನೆ ಖಂಡಿತ ಬಿಳಿ. ದೊಡ್ಡ ಚೌಕಗಳಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ತರ್ಕ ಇದು, ಕಣ್ತಪ್ಪಿ ಹೋಗುವುದೂ ಇದೇ.

ಮೂಲೆಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಸರಪಳಿ ಬಹಳ ಗಿಡ್ಡ. ಮೂಲೆಮನೆಯ ಎರಡು ನೆರೆಮನೆಗಳು ಕಪ್ಪಾದರೆ ಮೂಲೆ ಅಲ್ಲಿಗೇ ಒಂಟಿಯಾಗುತ್ತದೆ. ಹಾಗಾಗಿ ಮೂಲೆಯಲ್ಲೂ ಅದರ ಎರಡೂ ನೆರೆಗಳಲ್ಲೂ ಒಂದೇ ಅಂಕಿ ಇದ್ದರೆ ಮೂಲೆಯೇ ಕಪ್ಪಾಗಬೇಕು, ಬೇರೆ ದಾರಿಯಿಲ್ಲ. ಹೊಸ ಚೌಕ ಕೈಗೆ ಬಂದಾಗ ನಾಲ್ಕು ಮೂಲೆಗಳನ್ನು ಮೊದಲು ನೋಡುವವರು ಅನುಭವಸ್ಥರು.

ನಿಯಮಗಳಲ್ಲಿ ಬರೆಯದ ಇನ್ನೊಂದು ಪ್ರಶ್ನೆಯನ್ನು ಕೆಲವರು ಕೇಳುವುದುಂಟು: ತನ್ನ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಒಂಟಿಯಾಗಿರುವ ಅಂಕಿಯನ್ನು ಕಪ್ಪು ಮಾಡಬಹುದೇ? ನಿಯಮ ಅದನ್ನು ತಡೆಯುವುದಿಲ್ಲ. ಆದರೆ ಹಾಗೆ ಮಾಡಿದ ಉತ್ತರವೊಂದು ಸರಿಯಾಗಿದ್ದರೆ, ಆ ಮನೆಯನ್ನು ಮತ್ತೆ ಬಿಳಿಯಾಗಿಸಿದರೂ ಉತ್ತರ ಸರಿಯಾಗಿಯೇ ಉಳಿಯುತ್ತದೆ. ಅಂಕಿ ಯಾವುದಕ್ಕೂ ಘರ್ಷಿಸದು, ಅದರ ನೆರೆಮನೆಗಳೆಲ್ಲ ಬಿಳಿಯೇ ಆಗಿರುವುದರಿಂದ ಅದು ಒಂಟಿಯೂ ಆಗದು. ಹಾಗಾದರೆ ಆ ಚೌಕಕ್ಕೆ ಎರಡು ಉತ್ತರಗಳಾದವು. ಒಂದೇ ಉತ್ತರವಿರುವ ಚೌಕದಲ್ಲಿ ಆದ್ದರಿಂದ ಒಂಟಿ ಅಂಕಿಗಳೆಲ್ಲ ಬಿಳಿ, ಅವುಗಳಿಗೆ ಆರಂಭದಲ್ಲೇ ಸುತ್ತು ಹಾಕಿಬಿಡಬಹುದು. ಮೇಲಿನ ಚೌಕದಲ್ಲಿ 1-1ರ 3, 1-2ರ 4 ಅಂಥವು. ಒಗಟು ಮಾಡಿದವರ ಪ್ರಾಮಾಣಿಕತೆಯ ಮೇಲೆ ಭಾರ ಹಾಕಿ ನಡೆಯುವ ಈ ಅಡ್ಡದಾರಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಆದರೂ ಸಿಕ್ಕಿಬಿದ್ದಾಗ ಬಳಸದೆ ಇರುವುದೂ ಇಲ್ಲ.

ಈ ಆಟ ಯಂತ್ರಕ್ಕೂ ಸಲೀಸಾದುದಲ್ಲ. ಎಷ್ಟು ದೊಡ್ಡ ಚೌಕವಾದರೂ ಇರಬಹುದು ಎಂದಿಟ್ಟುಕೊಂಡರೆ, ಹಿತೋರಿಗೆ ಉತ್ತರವಿದೆಯೇ ಎಂದು ನಿರ್ಧರಿಸುವ ಸಮಸ್ಯೆ ಎನ್‌ಪಿ-ಕಂಪ್ಲೀಟ್ ವರ್ಗಕ್ಕೆ ಸೇರುತ್ತದೆಂದು ರಾಬರ್ಟ್ ಹರ್ನ್ ಮತ್ತು ಎರಿಕ್ ಡಿಮೈನ್ ತೋರಿಸಿದ್ದಾರೆ. ಕೊಟ್ಟ ಉತ್ತರ ಸರಿಯೇ ಎಂದು ಪರೀಕ್ಷಿಸುವುದು ಸುಲಭ, ಉತ್ತರ ಹುಡುಕಲು ಎಲ್ಲ ಚೌಕಗಳಿಗೂ ಸಲ್ಲುವ ಶೀಘ್ರ ವಿಧಾನ ಮಾತ್ರ ಯಾರಿಗೂ ದೊರೆತಿಲ್ಲ. ಪತ್ರಿಕೆಗಳಲ್ಲಿ ಬರುವ ಅಳತೆಗಳನ್ನು ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸುತ್ತದೆ, ಅದು ಬೇರೆ ಮಾತು. ಸೈಮನ್ ಟೇಥಮ್ ಅವರ ಉಚಿತ ಒಗಟುಗಳ ಸಂಗ್ರಹದಲ್ಲಿ ಸಿಂಗಲ್ಸ್ ಎಂಬ ಹೆಸರಿನಲ್ಲಿ ಇದೇ ಆಟವಿದೆ, ಕೇಳಿದಷ್ಟು ಹೊಸ ಚೌಕಗಳನ್ನು ಹುಟ್ಟಿಸಿ ಕೊಡುತ್ತದೆ.

ನನಗಂತೂ ಬಿಡಿಸುವುದಕ್ಕಿಂತ ಚೌಕ ಕಟ್ಟುವುದರಲ್ಲಿ ಈ ಆಟ ಹೆಚ್ಚು ಅರ್ಥವಾಯಿತು. ಮೇಲಿನ ಚೌಕವನ್ನು ಕಟ್ಟಿದ್ದು ಹಿಂದುಮುಂದಾಗಿ: ಮೊದಲು ಆರು ಕಪ್ಪು ಮನೆಗಳ ಆಕಾರ, ಆಮೇಲೆ ಬಿಳಿ ಮನೆಗಳಿಗೆ ಪುನರಾವರ್ತನೆಯಿಲ್ಲದ ಅಂಕಿಗಳು, ಕೊನೆಗೆ ಕಪ್ಪು ಮನೆಗಳ ಕೆಳಗೆ ಅಡಗಬೇಕಾದ ಅಂಕಿಗಳು. ಸುಲಭವೆನಿಸುವ ಈ ಕೊನೆಯ ಹಂತದಲ್ಲೇ ಚೌಕ ಕೆಡುವುದು. ಉದಾಹರಣೆಗೆ 1-5ರಲ್ಲಿ 1ರ ಬದಲು 5 ಬರೆದು ನೋಡಿ. ಅದು ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಯಾವುದಕ್ಕೂ ಘರ್ಷಿಸದು, ಆ ಮನೆ ಬಿಳಿಯಾಗಿ ಉಳಿಯುತ್ತದೆ. ಆಗ ಸರಪಳಿ ಬಲ ಮೇಲ್ಮೂಲೆಯಲ್ಲಿ ಅಂಚನ್ನು ಮುಟ್ಟುವುದೇ ಇಲ್ಲ, ಅದರ ಅವಕಾಶ ಹಾಗೆಯೇ ಉಳಿದಿರುತ್ತದೆ, ಎಡ ಕೆಳಮೂಲೆಯ 5-1ನ್ನು ಕಪ್ಪು ಮಾಡಿದರೂ ಬಿಳಿ ಮನೆಗಳು 1-4, 1-5, 2-5ರ ಮೂಲಕ ಸುತ್ತಿಕೊಂಡು ಒಂದೇ ತುಂಡಾಗಿರುತ್ತವೆ. 2-1ನ್ನು ಕಪ್ಪು ಮಾಡಿದರೂ ಸರಿಯೇ. ಮೂಲೆಯ ಒಂದಂಕಿ ಬದಲಾದದ್ದಕ್ಕೆ ಎದುರು ಮೂಲೆಯಲ್ಲಿ ಎರಡು ಉತ್ತರಗಳು ಹುಟ್ಟಿದವು. ಅಂಥ ಚೌಕವನ್ನು ಯಾರಿಗೂ ಕೊಡುವಂತಿಲ್ಲ, ಅಳಿಸಿ ಆ ಮೂಲೆಗೆ 1ನ್ನೇ ಹಾಕಬೇಕು.